ಯೆಲ್ಲೋ ಫೀವರ್ ಲಸಿಕೆ: ಥೈಮಸ್ ಆಪರೇಷನ್ ಆಗಿರುವ ಅಮ್ಮ ನೈರೋಬಿಗೆ ಹೋಗಬಹುದಾ?

ಹನುಮಂತನಗರದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕೀನ್ಯಾದ ನೈರೋಬಿಯಲ್ಲಿದ್ದಾಳೆ. ಜೂನ್‌ನಲ್ಲಿ ಹೆರಿಗೆ. ಬಾಣಂತನಕ್ಕೆ ಅಪ್ಪ ಅಮ್ಮ ಇಬ್ಬರೂ ಮೇ 20ಕ್ಕೆ ಹೊರಡಬೇಕು ಅಂತ ಟಿಕೆಟ್ ಆಗಿದೆ, ಆಗಸ್ಟ್ ಕೊನೆಗೆ ವಾಪಸ್.

ಟ್ರಾವೆಲ್ ಏಜೆಂಟ್ ಯೆಲ್ಲೋ ಫೀವರ್ ಸರ್ಟಿಫಿಕೇಟ್ ಬೇಕೇ ಬೇಕು ಅಂದರು. ಲಸಿಕೆ ಕೇಂದ್ರದ ಫಾರಂ ತರಿಸಿ ನೋಡಿದೆ. ಮೊಟ್ಟೆ ಅಲರ್ಜಿ ಇದೆಯಾ, ಜ್ವರ ಇದೆಯಾ, ಗರ್ಭಿಣಿಯಾ, ಇಷ್ಟೇ ಕೇಳಿದ್ದಾರೆ. ಆದರೆ ಅಮ್ಮನಿಗೆ ಮಯಸ್ತೇನಿಯಾ ಅನ್ನೋ ಸ್ನಾಯು ಸೋಲುವ ಕಾಯಿಲೆ ಇತ್ತು. ರೆಪ್ಪೆ ಜೋಲುತ್ತಿತ್ತು, ಸಂಜೆ ಹೊತ್ತಿಗೆ ಅನ್ನ ಅಗಿಯಲೂ ಆಗುತ್ತಿರಲಿಲ್ಲ. ಆಗ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆದರು. ಅದಾಗಿ ತುಂಬಾ ವರ್ಷ ಆಯಿತು. ಈಗ ಆರಾಮಾಗಿದ್ದಾರೆ, ದಿನಕ್ಕೊಂದು ಮಾತ್ರೆ ಅಷ್ಟೇ. ವಯಸ್ಸು 64. ಅಪ್ಪನಿಗೆ 69, ಬಿಪಿ ಮತ್ತು ಸಕ್ಕರೆ ಕಾಯಿಲೆ ಎರಡಕ್ಕೂ ಮಾತ್ರೆ ತಗೋತಾರೆ. ಇಬ್ಬರೂ ಈ ಲಸಿಕೆ ಹಿಂದೆ ಹಾಕಿಸಿಕೊಂಡಿಲ್ಲ.

ತಂಗಿ 2015ರಲ್ಲಿ ಹಾಕಿಸಿಕೊಂಡಿದ್ದಳು. ಅವಳ ಸರ್ಟಿಫಿಕೇಟಿನ ಹಳದಿ ಪುಸ್ತಕದಲ್ಲಿ 2025ರವರೆಗೆ ಅಂತ ಬರೆದಿದೆ. ಅವಳೂ ಮತ್ತೆ ಹಾಕಿಸಿಕೊಳ್ಳಬೇಕಾ? ಗೊತ್ತಿರುವವರು ಹೇಳಿ ಪ್ಲೀಸ್.

ಸಫಾರಿ ಹುಚ್ಚ

ಅಕ್ಕ, ನಾನು ಮಸಾಯಿ ಮಾರಾಗೆ ಹೋಗಿ ಬಂದವನು. ಸುಲಭ ಇದೆ. ಒಂದು ಚುಚ್ಚುಮದ್ದು, ಒಂದು ಹಳದಿ ಪುಸ್ತಕ, ಮುಗೀತು. ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು. ಮೊಟ್ಟೆ ಅಲರ್ಜಿ ಇದ್ದವರಿಗೆ ಮಾತ್ರ ತೊಂದರೆ. ಬಿಪಿ, ಶುಗರ್ ಇರುವವರು ಹಾಕಿಸಿಕೊಳ್ಳಬಾರದು ಅಂತಾರೆ, ಅಪ್ಪನ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಸರ್ಟಿಫಿಕೇಟ್ 10 ವರ್ಷ ನಡೆಯುತ್ತೆ. ಹಾಗಾಗಿ ತಂಗಿ ಮತ್ತೆ ಹಾಕಿಸಿಕೊಳ್ಳಲೇಬೇಕು.

ಜಯನಗರ ನಿವೃತ್ತ

ನಮ್ಮ ಮನೆಯವರಿಗೂ ಕಾಮಾಲೆ ಬಂದಿತ್ತು. ಆಗ ನಾಟಿ ಔಷಧಿ ಕೊಡಿಸಿದ್ದೆವು. ಹೆಪಟೈಟಿಸ್ ಲಸಿಕೆ ಎಲ್ಲಾ ಆಸ್ಪತ್ರೆಯಲ್ಲೂ ಸಿಗುತ್ತದೆ, ಮೂರು ಸಲ ಹಾಕಿಸಬೇಕು. ಇದಕ್ಕೆ ಸರ್ಕಾರದ ಸರ್ಟಿಫಿಕೇಟ್ ಯಾಕೆ ಕೇಳುತ್ತಾರೋ ಗೊತ್ತಿಲ್ಲ.

ಮಲ್ಲೇಶ್ವರದ ಡಾಕ್ಟರ್

ಜಯನಗರದ ಹಿರಿಯರೇ, ಇದು ಬೇರೆ ಕಾಯಿಲೆ. ಸೊಳ್ಳೆಯಿಂದ ಬರುವ ವೈರಸ್ ಜ್ವರ. ಡೆಂಗಿ ಹರಡುವ ಅದೇ ಈಡಿಸ್ ಸೊಳ್ಳೆ ಇದನ್ನೂ ಹರಡಬಲ್ಲದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಲ್ಲಿದೆ, ಭಾರತದಲ್ಲಿಲ್ಲ. ನಮ್ಮಲ್ಲಿ ಸೊಳ್ಳೆ ಬೇಕಾದಷ್ಟಿದೆ, ಜನರಿಗೆ ಈ ವೈರಸ್ ವಿರುದ್ಧ ರಕ್ಷಣೆ ಇಲ್ಲ. ಒಬ್ಬ ಸೋಂಕಿತ ಬಂದು ಇಳಿದರೂ ಸಾಕು ಅನ್ನೋ ಭಯಕ್ಕೇ ವಿಮಾನ ನಿಲ್ದಾಣದಲ್ಲಿ ಇಷ್ಟು ಬಿಗಿ.

ಹನುಮಂತನಗರದ ಮೇಡಂ, ನಿಮ್ಮ ಅಮ್ಮನ ವಿಷಯ ಮೊದಲು ಹೇಳಿಬಿಡುತ್ತೇನೆ. ಅವರಿಗೆ ಈ ಲಸಿಕೆ ಹಾಕಿಸಬೇಡಿ. ಆಪರೇಷನ್ ಆಗಿ ಎಷ್ಟೇ ವರ್ಷ ಆಗಿರಲಿ, ಈಗ ಎಷ್ಟೇ ಆರಾಮಾಗಿರಲಿ, ಬೇಡ. ಫಾರಂನಲ್ಲಿ ಕೇಳಿಲ್ಲ ಅಂತ ಸುಮ್ನಿರಬೇಡಿ.

ಕಾರಣ ಹೇಳುತ್ತೇನೆ. ಇದು ಜೀವಂತ ವೈರಸ್ ಇರುವ ಲಸಿಕೆ. 1930ರ ದಶಕದಲ್ಲಿ ಮ್ಯಾಕ್ಸ್ ಥೈಲರ್ ಅವರ ತಂಡ ವೈರಸ್‌ನ ಬಲ ಕುಗ್ಗಿಸಿ ಮಾಡಿದ್ದು, 17ಡಿ ಅಂತ ಅದರ ಹೆಸರು. ಇವತ್ತಿಗೂ ಅದರ ಸಂತತಿಯನ್ನೇ ಕೊಡುತ್ತೇವೆ. ಚುಚ್ಚಿದ ಮೇಲೆ ಈ ಬಲಗುಂದಿದ ವೈರಸ್ ದೇಹದಲ್ಲಿ ಕೆಲವು ದಿನ ಬೆಳೆಯುತ್ತದೆ. ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಹಿಡಿದು ಮುಗಿಸುತ್ತದೆ, ಹಾಗೆ ರಕ್ಷಣೆ ಹುಟ್ಟುತ್ತದೆ. ಒಂದೇ ಡೋಸಿಗೆ ಜೀವನಪೂರ್ತಿ ರಕ್ಷಣೆ ಸಿಗುವುದೂ ಇದರಿಂದಲೇ. ಆದರೆ ಹಿಡಿಯುವ ವ್ಯವಸ್ಥೆಯಲ್ಲೇ ಎಡವಟ್ಟಿದ್ದರೆ ಲಸಿಕೆಯ ವೈರಸ್ಸೇ ಬೆಳೆದು ಯಕೃತ್ತು, ಮೂತ್ರಪಿಂಡಕ್ಕೆ ಹೋಗಬಹುದು. ಆಗ ಅದು ನಿಜವಾದ ಯೆಲ್ಲೋ ಫೀವರ್ ಥರವೇ ಇರುತ್ತದೆ. ಹಾಗಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿದಿಲ್ಲ.

ಇದು ತುಂಬಾ ಅಪರೂಪ, ಲಕ್ಷ ಡೋಸಿಗೆ ಒಂದಕ್ಕಿಂತ ಕಡಿಮೆ. ಆದರೆ ಮೊದಮೊದಲು ವರದಿಯಾದ 23 ಪ್ರಕರಣಗಳನ್ನು ಕೂತು ನೋಡಿದಾಗ ಅದರಲ್ಲಿ 4 ಜನಕ್ಕೆ ಹಿಂದೆ ಥೈಮಸ್ ಕಾಯಿಲೆ ಇತ್ತು. ಥೈಮಸ್ ಕಾಯಿಲೆ ಜನರಲ್ಲಿ ಎಷ್ಟು ವಿರಳ ಅಂತ ನೋಡಿದರೆ, 23ರಲ್ಲಿ 4 ಅನ್ನೋದು ಆಕಸ್ಮಿಕ ಆಗಲು ಸಾಧ್ಯವೇ ಇಲ್ಲ. ಇದು 2004ರಲ್ಲಿ ಪ್ರಕಟವಾಯಿತು. ಅಂದಿನಿಂದ ಮಯಸ್ತೇನಿಯಾ, ಥೈಮಸ್ ಗಡ್ಡೆ, ಆ ಕಾರಣಕ್ಕೆ ಥೈಮಸ್ ತೆಗೆಸಿಕೊಂಡವರು, ಇವರಿಗೆ ಕೊಡುವುದಿಲ್ಲ.

ತಂಗಿಯ ವಿಷಯ: ಮತ್ತೆ ಹಾಕಿಸಿಕೊಳ್ಳಬಾರದು. ಅದರಲ್ಲೂ ಗರ್ಭಿಣಿ. 2016ರ ಜುಲೈ 11ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಬದಲಾಗಿದೆ. ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ. ಅದಕ್ಕೂ ಮೊದಲು ಕೊಟ್ಟ, 10 ವರ್ಷ ಅಂತ ಬರೆದಿರುವ ಪುಸ್ತಕಕ್ಕೂ ಇದೇ ಅನ್ವಯ. ಅದರ ಮೇಲೆ ತಿದ್ದಲು ಹೋಗಬೇಡಿ. ತಿದ್ದಿದರೆ, ಅಳಿಸಿದರೆ ಸರ್ಟಿಫಿಕೇಟೇ ಅಮಾನ್ಯ ಆಗಬಹುದು.

ಅಪ್ಪನ ವಿಷಯ ರಾತ್ರಿ ಬರೆಯುತ್ತೇನೆ, ಕ್ಲಿನಿಕ್‌ಗೆ ಹೊತ್ತಾಯಿತು.

ಪೀಣ್ಯ ಇಂಜಿನಿಯರ್

ಡಾಕ್ಟ್ರೇ, ಮಧ್ಯೆ ಒಂದು ಪ್ರಶ್ನೆ. ನನ್ನ ಮಾವನಿಗೆ ಹಾರ್ಟ್ ಆಪರೇಷನ್ ಆಗಿದೆ, ಎದೆ ಸೀಳಿಯೇ ಮಾಡಿದ್ದು. ಆಗ ದಾರಿಗೆ ಅಡ್ಡ ಬಂದ ಥೈಮಸ್‌ನ ತುಂಡನ್ನೂ ತೆಗೆದಿದ್ದೇವೆ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿದೆ. ಅವರಿಗೂ ಬೇಡವಾ?

ಮಲ್ಲೇಶ್ವರದ ಡಾಕ್ಟರ್

ಅದು ಬೇರೆ. ಅಲ್ಲಿ ಥೈಮಸ್‌ಗೆ ಕಾಯಿಲೆ ಇರಲಿಲ್ಲ, ಹೃದಯ ಕಾಣಲಿ ಅಂತ ಪಕ್ಕಕ್ಕೆ ತೆಗೆದದ್ದು. ಹಾಗೆ ಹಿಂದೆ ತೆಗೆಸಿಕೊಂಡವರಿಗೆ ಅಪಾಯ ಜಾಸ್ತಿ ಅನ್ನಲು ಆಧಾರ ಸಿಕ್ಕಿಲ್ಲ. ಕಾಯಿಲೆಗೆ ತೆಗೆದರಾ, ದಾರಿಗೆ ತೆಗೆದರಾ ಅನ್ನೋದೇ ಮುಖ್ಯ. ಆ ಸಮ್ಮರಿಯನ್ನು ಕೇಂದ್ರದ ವೈದ್ಯರಿಗೆ ತೋರಿಸಿ. ಮಾವನಿಗೆ 60 ದಾಟಿದ್ದರೆ ಅದು ಬೇರೆಯದೇ ಲೆಕ್ಕ.

ಹನುಮಂತನಗರದ ಮಗಳು

ಡಾಕ್ಟ್ರೇ, ತುಂಬಾ ಉಪಕಾರ ಆಯಿತು. ಓದಿ ಕೈಕಾಲು ತಣ್ಣಗಾಯಿತು. ಅಮ್ಮನಿಗೆ ಹೇಳಿದರೆ "ನನಗೇನಾಗಿದೆ, ದಿನಾ ಲಾಲ್‌ಬಾಗ್‌ನಲ್ಲಿ ವಾಕ್ ಮಾಡ್ತೀನಿ, ಹಾಕಿಸಿಬಿಡು" ಅಂತಾರೆ. ಮಗಳ ಮೊದಲ ಹೆರಿಗೆ ಅಲ್ವಾ. ಲಸಿಕೆ ಇಲ್ಲದೆ ಅವರು ಹೋಗಲು ಸಾಧ್ಯವೇ ಇಲ್ಲವಾ?

ಮಲ್ಲೇಶ್ವರದ ಡಾಕ್ಟರ್

ಹೋಗಬಹುದು. ಇಲ್ಲಿ ಎರಡು ಪ್ರಶ್ನೆ ಇವೆ, ಜನ ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಕಾಗದ ಯಾರಿಗೆ ಬೇಕು ಅನ್ನೋದು ಒಂದು. ಕಾಯಿಲೆ ತಗುಲುವ ಅಪಾಯ ಎಷ್ಟು ಅನ್ನೋದು ಇನ್ನೊಂದು.

ಕಾಗದದ ಮಾತು ಮೊದಲು. ಕೀನ್ಯಾ ಸರ್ಟಿಫಿಕೇಟ್ ಕೇಳುವುದು ಯೆಲ್ಲೋ ಫೀವರ್ ಇರುವ ದೇಶದಿಂದ ಬರುವವರನ್ನು. ಭಾರತದಿಂದ ನೇರ ಹೋದರೆ ಆ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಕೇಳುವುದು ನಮ್ಮ ದೇಶವೇ, ವಾಪಸ್ ಬಂದಾಗ. ಎಲ್ಲ ದೇಶವೂ ಹೀಗಲ್ಲ. ಉಗಾಂಡಾ, ಘಾನಾ ಒಳಗೆ ಬರುವ ಎಲ್ಲರ ಹತ್ತಿರವೂ ಕೇಳುತ್ತವೆ.

ವಾಪಸ್ ಬಂದಾಗ ಕೆಂಪೇಗೌಡ ನಿಲ್ದಾಣದ ಆರೋಗ್ಯ ಅಧಿಕಾರಿಗಳು ಪುಸ್ತಕ ನೋಡುತ್ತಾರೆ. ಇಲ್ಲದಿದ್ದರೆ ಕ್ವಾರಂಟೈನ್‌ನಲ್ಲಿ ಇಡಬಹುದು. ಗರಿಷ್ಠ 6 ದಿನ. ಸೋಂಕು ತಗುಲಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ಜ್ವರ ಕಾಣಿಸುತ್ತದೆ, ಅದಕ್ಕೆ ಆ ಸಂಖ್ಯೆ. ಲೆಕ್ಕ ಶುರುವಾಗುವುದು ಬೆಂಗಳೂರಿಗೆ ಇಳಿದ ದಿನದಿಂದ ಅಲ್ಲ, ಅಪಾಯದ ದೇಶ ಬಿಟ್ಟ ಹೊತ್ತಿನಿಂದ.

ಅಮ್ಮನಂಥವರಿಗೆ ಅಂತಲೇ ವಿನಾಯಿತಿಯ ದಾರಿ ಇದೆ. ಹಳದಿ ಪುಸ್ತಕದಲ್ಲೇ ವೈದ್ಯಕೀಯ ಕಾರಣಕ್ಕೆ ಲಸಿಕೆ ಕೊಡಲಾಗದು ಅಂತ ಬರೆಯಲು ಜಾಗ ಇರುತ್ತದೆ. ಅಧಿಕೃತ ಕೇಂದ್ರದ ವೈದ್ಯರು ಅಲ್ಲಿ ಕಾರಣ ಬರೆದು, ಸಹಿ ಮಾಡಿ, ಮೊಹರು ಹಾಕಬೇಕು. ಕಾರಣ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿರಬೇಕು ಅಂತ ಅಂತರರಾಷ್ಟ್ರೀಯ ನಿಯಮ. ಜೊತೆಗೆ ನರರೋಗ ತಜ್ಞರಿಂದ ಲೆಟರ್‌ಹೆಡ್ ಮೇಲೆ ಒಂದು ಪತ್ರ, ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಇಟ್ಟುಕೊಳ್ಳಿ. "ಆರೋಗ್ಯ ಸರಿಯಿಲ್ಲ" ಅಂತ ಎರಡು ಸಾಲಿನ ಚೀಟಿ ಸಾಲದು. ಕಾಯಿಲೆ ಹೆಸರು, ಯಾವಾಗ ಥೈಮಸ್ ತೆಗೆದರು, ಯಾಕೆ ಈ ಲಸಿಕೆ ಆಗದು ಅನ್ನೋದು ಸ್ಪಷ್ಟವಾಗಿರಲಿ.

ಆದರೆ ಇದು ಖಾತರಿಯ ಕಾಗದ ಅಲ್ಲ. ವಿನಾಯಿತಿ ಪತ್ರವನ್ನು ಗಣನೆಗೆ ತಗೋಬೇಕು ಅಂತ ನಿಯಮ ಹೇಳುತ್ತದೆ. ಪತ್ರ ಇದ್ದರೂ 6 ದಿನ ಇಡುವ ಅಧಿಕಾರ ಇದೆ ಅಂತಲೂ ಅದೇ ನಿಯಮ ಹೇಳುತ್ತದೆ.

ಈಗ ಕಾಯಿಲೆಯ ಮಾತು. ಕೀನ್ಯಾ ಅಂದರೆ ಎಲ್ಲ ಕಡೆ ಒಂದೇ ಥರ ಅಲ್ಲ. ನೈರೋಬಿ ನಗರ ಎತ್ತರದಲ್ಲಿದೆ, ಅಲ್ಲಿ ಅಪಾಯ ಕಡಿಮೆ. ನಗರದಲ್ಲೇ ಇದ್ದು ಬರುವವರಿಗೆ ಲಸಿಕೆ ಸಾಮಾನ್ಯವಾಗಿ ಬೇಕಿಲ್ಲ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆಯೂ ಇದೆ. ಊರು ದಾಟಿ ಹೋದರೆ ಕಥೆ ಬೇರೆ. 2022ರಲ್ಲಿ ಇಸಿಯೋಲೊ ಅನ್ನೋ ಕಡೆ ಯೆಲ್ಲೋ ಫೀವರ್ ಹರಡಿತ್ತು. ಅಮ್ಮ ನೈರೋಬಿ ಬಿಟ್ಟು ಎಲ್ಲೂ ಹೋಗದಿದ್ದರೆ ನನಗೆ ಅಷ್ಟು ಹೆದರಿಕೆ ಇಲ್ಲ. ಮಾರಾ ಸಫಾರಿ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಅಮ್ಮ ಬೇಡ ಅನ್ನಲಿ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ಹಾಗಾಗಿ ರಾತ್ರಿ ಪರದೆ ಕಟ್ಟಿ ಹಗಲು ಬಿಟ್ಟರೆ ಪ್ರಯೋಜನ ಇಲ್ಲ.

ಸಫಾರಿ ಹುಚ್ಚ

ಇನ್ನೊಂದು ದಾರಿ ಇದೆ ಡಾಕ್ಟ್ರೇ. ವಾಪಸ್ ಬರುವಾಗ ದುಬೈನಲ್ಲಿ ಒಂದು ವಾರ ಇದ್ದು ಬಂದರೆ 6 ದಿನ ಅಲ್ಲೇ ಮುಗಿಯುತ್ತೆ, ಇಲ್ಲಿ ಯಾರೂ ಕೇಳಲ್ಲ.

ಮಲ್ಲೇಶ್ವರದ ಡಾಕ್ಟರ್

ಲೆಕ್ಕ ಸರಿ. ಅಪಾಯದ ದೇಶ ಬಿಟ್ಟು 6 ದಿನ ಕಳೆದ ಮೇಲೆ ಬಂದರೆ ಕ್ವಾರಂಟೈನ್ ನಿಯಮ ತಾಗುವುದಿಲ್ಲ. ಆದರೆ ಮಧ್ಯದ ದೇಶಕ್ಕೂ ತನ್ನದೇ ನಿಯಮ ಇರುತ್ತದೆ. ಕೀನ್ಯಾದಿಂದ ಬಂದವರನ್ನು ಅವರೂ ಸರ್ಟಿಫಿಕೇಟ್ ಕೇಳಬಹುದು. ಅದನ್ನು ನೋಡದೆ ಟಿಕೆಟ್ ಮಾಡಿದರೆ ಅಮ್ಮ ಅಲ್ಲಿ ಸಿಕ್ಕಿಕೊಳ್ಳುತ್ತಾರೆ. ಪಾಸ್‌ಪೋರ್ಟಿನ ಮೊಹರುಗಳೂ ಬೋರ್ಡಿಂಗ್ ಪಾಸೂ ಜೋಪಾನ ಮಾಡಿದರೆ ಮಾತ್ರ 6 ದಿನ ಹೊರಗಿದ್ದೆ ಅಂತ ತೋರಿಸಲು ಆಗುವುದು.

ಯಲಹಂಕ ಅಮ್ಮು

ನನ್ನ ಚಿಕ್ಕಪ್ಪ ಟ್ರಾನ್ಸ್‌ಪ್ಲಾಂಟ್ ಆದವರು, ಇದೇ ಥರ ವಿನಾಯಿತಿ ಪತ್ರ ಇಟ್ಟುಕೊಂಡು ಬಂದರು. ಪತ್ರ ಓದಿ, ಟೆಂಪರೇಚರ್ ನೋಡಿ, ಜ್ವರ ಬಂದರೆ ತಿಳಿಸಿ ಅಂತ ಹೇಳಿ ಮನೆಗೆ ಕಳಿಸಿದರು. ಹೆದರಬೇಡಿ.

ಅನಾಮಿಕ_ಬಿಟಿಎಂ

ನಮಗೆ ಹಾಗಾಗಲಿಲ್ಲ. ಬೇರೆ ಊರಿನ ನಿಲ್ದಾಣ, ಹೆಸರು ಬೇಡ. ಅತ್ತೆಯ ಪತ್ರದಲ್ಲಿ ಅಧಿಕೃತ ಕೇಂದ್ರದ ಮೊಹರು ಇರಲಿಲ್ಲ, ಮನೆ ಡಾಕ್ಟರ ಸಹಿ ಮಾತ್ರ. ಒಪ್ಪಲಿಲ್ಲ. 6 ದಿನ ಮುಗಿಯುವವರೆಗೆ ಇಟ್ಟುಕೊಂಡರು. ಮಾತ್ರೆ ಎಲ್ಲ ಚೆಕ್-ಇನ್ ಸೂಟ್‌ಕೇಸಲ್ಲಿತ್ತು, ಅದನ್ನು ತರಿಸಲು ಒದ್ದಾಡಿದೆವು. ಅಮ್ಮನ ಮಯಸ್ತೇನಿಯಾ ಮಾತ್ರೆ ಕೈಚೀಲದಲ್ಲೇ ಇರಲಿ, ಆರು ದಿನಕ್ಕೂ ಮಿಗುವಷ್ಟು.

ಮಲ್ಲೇಶ್ವರದ ಡಾಕ್ಟರ್

ಇದು ಒಳ್ಳೆಯ ಮಾತು. ಮಯಸ್ತೇನಿಯಾ ಮಾತ್ರೆ ಹೊತ್ತು ತಪ್ಪಬಾರದು.

ಈಗ ಅಪ್ಪ. ಬಿಪಿ, ಸಕ್ಕರೆ ಕಾಯಿಲೆ ಈ ಲಸಿಕೆಗೆ ಅಡ್ಡಿ ಅಲ್ಲ. ಹತೋಟಿಯಲ್ಲಿದ್ದರೆ ಸಾಕು. ಯೋಚನೆ ಮಾಡಬೇಕಾದದ್ದು ವಯಸ್ಸು. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ ನಾನು ಮೇಲೆ ಹೇಳಿದ ತೀವ್ರ ತೊಂದರೆ ಸ್ವಲ್ಪ ಜಾಸ್ತಿ ಕಂಡಿದೆ. ಅಮೆರಿಕದ ಲೆಕ್ಕದಲ್ಲಿ 60ರಿಂದ 69ರವರಲ್ಲಿ ಲಕ್ಷಕ್ಕೆ ಸುಮಾರು ಒಬ್ಬರು, 70 ದಾಟಿದವರಲ್ಲಿ ಲಕ್ಷಕ್ಕೆ ಇಬ್ಬರು ಮೂವರು. ಹಿಂದೆ ಒಂದು ಸಲ ಹಾಕಿಸಿಕೊಂಡವರಿಗೆ ಈ ಹೆದರಿಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಥೈಮಸ್ ವಿಷಯದಲ್ಲಿ ಬೇಡ ಅಂದ ಹಾಗೆ ಇಲ್ಲಿ ಬೇಡ ಅನ್ನಲು ಆಗುವುದಿಲ್ಲ. ತೂಗಿ ನೋಡಬೇಕು. ನಿಮ್ಮ ಅಪ್ಪ ನೈರೋಬಿಯಲ್ಲೇ ಇರುವುದಾದರೆ ಲಸಿಕೆಯಿಂದ ಅವರಿಗೆ ಸಿಗುವ ಲಾಭ ಮುಖ್ಯವಾಗಿ ಕಾಗದವೇ. ಕಾಗದಕ್ಕೋಸ್ಕರ ಆ ಚಿಕ್ಕ ಅಪಾಯ ತಗೋಬೇಕಾ ಅನ್ನೋದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ನಾನಾದರೆ ಸ್ಟೀರಾಯ್ಡ್, ಕೀಮೋ, ಸಂಧಿವಾತದ ಬಯೋಲಾಜಿಕ್ ಇಂಜೆಕ್ಷನ್ ಯಾವುದೂ ಇಲ್ಲ, ಥೈಮಸ್ ತೊಂದರೆ ಇಲ್ಲ ಅಂತ ಖಚಿತ ಮಾಡಿಕೊಂಡು, ಅಂಕಿ ಅಂಶ ಅವರ ಮುಂದಿಟ್ಟು, ನಿರ್ಧಾರ ಅವರಿಗೇ ಬಿಡುತ್ತೇನೆ. ಅವರು ಊರೂರು ಸುತ್ತುವ ಆಸಾಮಿಯಾದರೆ ಹಾಕಿಸಿಕೊಳ್ಳಿ ಅನ್ನುತ್ತೇನೆ.

ಹಾಕಿಸಿದರೆ ಮೊದಲ ಕೆಲವು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು, ಅದು ಮಾಮೂಲು. ಹತ್ತು ದಿನದೊಳಗೆ ಜೋರು ಜ್ವರ, ಬಿಡದ ವಾಂತಿ, ಕಣ್ಣು ಹಳದಿ, ಮೂತ್ರ ಕಡಿಮೆ ಅಂತ ಕಂಡರೆ ಕೂಡಲೇ ದೊಡ್ಡ ಆಸ್ಪತ್ರೆಗೆ. ಒಂದು ತಿಂಗಳೊಳಗೆ ವಿಪರೀತ ತಲೆನೋವು, ಕತ್ತು ಬಿಗಿತ, ಮಾತು ತಡವರಿಸುವುದು ಕಂಡರೂ ಅಷ್ಟೇ. ಯೆಲ್ಲೋ ಫೀವರ್ ಲಸಿಕೆ ಇಂಥ ದಿನ ಹಾಕಿಸಿದ್ದೇವೆ ಅಂತ ಮೊದಲ ಮಾತಲ್ಲೇ ಹೇಳಿ. ಇಲ್ಲದಿದ್ದರೆ ಬೆಂಗಳೂರಲ್ಲಿ ಎಲ್ಲರೂ ಡೆಂಗಿ ಅಂತಲೇ ಹುಡುಕುತ್ತಾರೆ.

ಹೊರಡುವ ಮೊದಲೇ ಇದನ್ನೆಲ್ಲ ಗಮನಿಸಲು ಸಮಯ ಬೇಕಲ್ವಾ, ಅದಕ್ಕೆ ಏಪ್ರಿಲ್ ಮುಗಿಯುವುದರೊಳಗೆ ಹಾಕಿಸಿ. ಏಪ್ರಿಲ್ 20ಕ್ಕೆ ಹಾಕಿಸಿದರೆ ಸರ್ಟಿಫಿಕೇಟ್ ಊರ್ಜಿತ ಆಗುವುದು ಏಪ್ರಿಲ್ 30ರಿಂದ.

ಜಯನಗರ ನಿವೃತ್ತ

ಡಾಕ್ಟರೇ, ನಾನು ಬೇರೆ ಅರ್ಥ ಮಾಡಿಕೊಂಡಿದ್ದೆ, ಬಿಡಿ. ನನ್ನ ಮಗನೂ ಘಾನಾದ ಅಕ್ರಾಗೆ ಹೋಗುವವನಿದ್ದಾನೆ. ಮೊಟ್ಟೆ ಅಲರ್ಜಿ ಅಂತೀರಿ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಯಾರೂ ಮೊಟ್ಟೆ ಮುಟ್ಟಿಲ್ಲ. ಅಲರ್ಜಿ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಮಲ್ಲೇಶ್ವರದ ಡಾಕ್ಟರ್

ತುಂಬಾ ಮನೆಗಳ ಪ್ರಶ್ನೆ ಇದು. ಲಸಿಕೆಯ ವೈರಸ್ಸನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುತ್ತಾರೆ, ಮೊಟ್ಟೆಯ ಪ್ರೋಟೀನ್ ಚೂರು ಉಳಿದಿರುತ್ತದೆ. ಮನೆಯಲ್ಲಿ ತಿನ್ನದಿದ್ದರೂ ಬೇಕರಿ ಕೇಕು, ಪೇಸ್ಟ್ರಿ ತಿಂದಿರುತ್ತಾರೆ. ಮಗನನ್ನು ಒಬ್ಬನೇ ಕೂರಿಸಿಕೊಂಡು ಕೇಳಿ. ತಿಂದು ಏನೂ ಆಗಿಲ್ಲ ಅಂದರೆ ಚಿಂತೆ ಬೇಡ. ಅಡ್ಡಿ ಆಗುವುದು ಉಸಿರು ಕಟ್ಟುವ, ತುಟಿ ಗಂಟಲು ಊದುವ ತೀವ್ರ ಅಲರ್ಜಿ ಹಿಂದೆ ಆದವರಿಗೆ. ನಿಜಕ್ಕೂ ಎಂದೂ ತಿಂದಿಲ್ಲ ಅಂದರೆ ಅದನ್ನೇ ಕೇಂದ್ರದಲ್ಲಿ ಹೇಳಲಿ, ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಲಿ.

ಹೊಸ ತಾಯಿ_ವಿಜಯನಗರ

ನನ್ನದೂ ಅಕ್ರಾ ಕೇಸೇ. ಯಜಮಾನರಿಗೆ ಅಲ್ಲಿ ಪೋಸ್ಟಿಂಗ್. ಮಗುವಿಗೆ 4 ತಿಂಗಳು, ನನ್ನ ಹಾಲೇ ಕುಡಿಯುತ್ತೆ. ಮೂವರೂ ಒಟ್ಟಿಗೆ ಹೋಗಬೇಕು ಅಂತಿದ್ದೇವೆ. ನಾನು ಹಾಕಿಸಿಕೊಂಡರೆ ಮಗುವಿಗೂ ರಕ್ಷಣೆ ಸಿಗುತ್ತೆ ಅಂತ ಒಬ್ಬರು ಹೇಳಿದರು.

ಮಲ್ಲೇಶ್ವರದ ಡಾಕ್ಟರ್

ಬೇಡಮ್ಮಾ. ಸಿಗುವುದು ರಕ್ಷಣೆ ಅಲ್ಲ. ಲಸಿಕೆಯ ವೈರಸ್ ಎದೆಹಾಲಿನಲ್ಲಿ ಮಗುವಿಗೆ ಹೋಗಬಹುದು. ಬ್ರೆಜಿಲ್‌ನಲ್ಲಿ ಹಾಗೆ ಎಳೆ ಮಗುವಿಗೆ ಮೆದುಳಿನ ಉರಿಯೂತ ಆದದ್ದು ದಾಖಲಾಗಿದೆ. 6 ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಕೊಡುವುದೇ ಇಲ್ಲ, 9 ತಿಂಗಳಿಗೆ ಕೊಡುತ್ತೇವೆ. ಘಾನಾದಲ್ಲಿ ಕಾಯಿಲೆಯ ಅಪಾಯವೂ ನಿಜವಾದದ್ದು, ನೈರೋಬಿ ಥರ ಅಲ್ಲ. ಸಾಧ್ಯವಿದ್ದರೆ ಯಜಮಾನರು ಮುಂದೆ ಹೋಗಲಿ, ಮಗುವಿಗೆ 9 ತಿಂಗಳು ತುಂಬಿದ ಮೇಲೆ ನೀವಿಬ್ಬರೂ ಹಾಕಿಸಿಕೊಂಡು ಹೊರಡಿ. ಆ ವಯಸ್ಸಿನಲ್ಲಿ ದಡಾರ, ರುಬೆಲ್ಲಾದ ಎಂಆರ್ ಲಸಿಕೆಯೂ ಬರುತ್ತದೆ, ಎರಡರ ನಡುವೆ ಅಂತರ ಎಷ್ಟಿರಬೇಕು ಅಂತ ಮಕ್ಕಳ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿ.

ಹನುಮಂತನಗರದ ಮಗಳು

ಹಾಗಾದರೆ ತಂಗಿ ಮಗು ಹುಟ್ಟಿದ ಮೇಲೆ ಕರಕೊಂಡು ಬಂದರೆ ಅದಕ್ಕೂ ಸರ್ಟಿಫಿಕೇಟ್ ಕೇಳುತ್ತಾರಾ? ಆಗಸ್ಟ್ ಕೊನೆಗೆ ಎಲ್ಲರೂ ಒಟ್ಟಿಗೆ ಬರುವ ಯೋಚನೆ ಇದೆ.

ಮಲ್ಲೇಶ್ವರದ ಡಾಕ್ಟರ್

ಇಲ್ಲ. 9 ತಿಂಗಳೊಳಗಿನ ಮಕ್ಕಳಿಗೆ ಭಾರತದಲ್ಲಿ ಸರ್ಟಿಫಿಕೇಟ್ ಬೇಕಿಲ್ಲ. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಸಾಕು.

ಪೀಣ್ಯ ಇಂಜಿನಿಯರ್

ಲಸಿಕೆ ಹಾಕಿಸುವ ಎಲ್ಲರಿಗೂ ಒಂದು ಮಾತು. ಕೌಂಟರ್ ಬಿಡುವ ಮೊದಲು ಪುಸ್ತಕ ತೆರೆದು ನೋಡಿ. ನನ್ನ ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಎಲ್ಲ ಇದೆ. ಪುಸ್ತಕದಲ್ಲಿ ಬರೀ ಎರಡು ಇನಿಷಿಯಲ್ ಹಾಕಿದ್ದರು. ಅಲ್ಲೇ ಹೇಳಿ ಹೊಸದು ಬರೆಸಿಕೊಂಡೆ. ಪಾಸ್‌ಪೋರ್ಟ್ ನಂಬರ್, ಲಸಿಕೆಯ ಬ್ಯಾಚ್ ನಂಬರ್, ದಿನಾಂಕ, ಕೈಬರಹದ ಸಹಿ, ಕೇಂದ್ರದ ಮೊಹರು, ಇವಿಷ್ಟೂ ಇರಬೇಕು.

ಇನ್ನು ಜೋಹಾನ್ಸ್‌ಬರ್ಗ್‌ಗೆ ಆಡಿಸ್ ಅಬಾಬಾ ಮೂಲಕ ಹೋಗುವವರು ಗಮನಿಸಿ. ದಕ್ಷಿಣ ಆಫ್ರಿಕಾದಲ್ಲಿ ಈ ಕಾಯಿಲೆ ಇಲ್ಲ, ಆದರೆ ಇಥಿಯೋಪಿಯಾ ಯೆಲ್ಲೋ ಫೀವರ್ ದೇಶಗಳ ಪಟ್ಟಿಯಲ್ಲಿದೆ. ವಾಪಸ್ ಬರುವಾಗ ಅಲ್ಲಿ ನಿಲ್ದಾಣದೊಳಗೇ ಕೆಲವು ಗಂಟೆ ಕೂತು ವಿಮಾನ ಬದಲಿಸಿದರೆ ಭಾರತದಲ್ಲಿ ವಿನಾಯಿತಿ ಸಿಗುತ್ತೆ, ಅದೂ ಆರೋಗ್ಯ ಅಧಿಕಾರಿಗೆ ಒಪ್ಪಿಗೆಯಾದರೆ. ನನ್ನ ಸಹೋದ್ಯೋಗಿಗೆ ವಿಮಾನ ತಪ್ಪಿ ಏರ್‌ಲೈನ್‌ನವರೇ ಹೋಟೆಲ್ ಕೊಟ್ಟರು, ಒಂದು ರಾತ್ರಿ ಊರೊಳಗೆ ಮಲಗಿದ. ಅಲ್ಲಿಗೆ ಅವನು ಟ್ರಾನ್ಸಿಟ್ ಪ್ರಯಾಣಿಕ ಅಲ್ಲ, ಇಥಿಯೋಪಿಯಾದಲ್ಲಿ ಇದ್ದು ಬಂದವನು ಅಂತ ಲೆಕ್ಕ.

ಹನುಮಂತನಗರದ ಮಗಳು

ಕೊನೆಗೆ ಒಂದು. ಅಪ್ಪನಿಗೆ ಹಾಕಿಸಲು ನಮ್ಮ ಪಕ್ಕದ ನರ್ಸಿಂಗ್ ಹೋಮ್‌ನಲ್ಲೇ ತರಿಸಿ ಹಾಕಿಸಬಹುದಾ? ಕೇಂದ್ರದಲ್ಲಿ ಬರೀ ಕೆಲವು ದಿನ, ಅದೂ ಮೊದಲೇ ಹೆಸರು ಬರೆಸಿದವರಿಗೆ ಮಾತ್ರ ಅಂದರು.

ಮಲ್ಲೇಶ್ವರದ ಡಾಕ್ಟರ್

ಆಗುವುದಿಲ್ಲ. ಸರ್ಕಾರ ಅಧಿಕೃತ ಅಂತ ಗುರುತಿಸಿದ ಕೇಂದ್ರದ ಮೊಹರು ಇಲ್ಲದಿದ್ದರೆ ಸರ್ಟಿಫಿಕೇಟ್ ನಡೆಯುವುದಿಲ್ಲ. ಶೇಷಾದ್ರಿ ರಸ್ತೆಯ ಪಬ್ಲಿಕ್ ಹೆಲ್ತ್ ಇನ್‌ಸ್ಟಿಟ್ಯೂಟ್‌ಗೆ ಬೆಂಗಳೂರಿನವರು ಮೊದಲಿಂದ ಹೋಗುತ್ತಿದ್ದರು. ಈಗಿನ ಪಟ್ಟಿಯನ್ನು ಕೇಂದ್ರ ಆರೋಗ್ಯ ಸಚಿವಾಲಯದ ವೆಬ್‌ಸೈಟಿನಲ್ಲಿ ನೋಡಿ ಫೋನ್ ಮಾಡಿ.

ದಿನ ಗೊತ್ತು ಮಾಡುವುದಕ್ಕೆ ಕಾರಣ ಇದೆ. ಲಸಿಕೆ ಪುಡಿಯಾಗಿ ಬರುತ್ತದೆ, ಒಂದೇ ಸೀಸೆಯಲ್ಲಿ ಹಲವರಿಗೆ ಆಗುವಷ್ಟು. ನೀರು ಬೆರೆಸಿದ ಮೇಲೆ ಕೆಲವೇ ಗಂಟೆಯೊಳಗೆ ಕೊಟ್ಟು ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅದಕ್ಕೇ ಜನ ಸೇರಿಸಿಕೊಂಡು ಸೀಸೆ ಒಡೆಯುತ್ತಾರೆ. ಅಪ್ಪನಿಗೆ ಹೆಸರು ಬರೆಸುವಾಗಲೇ ಅಮ್ಮನ ವಿನಾಯಿತಿಗೂ ಅದೇ ದಿನ ವೈದ್ಯರು ಸಿಗುತ್ತಾರಾ ಕೇಳಿಕೊಳ್ಳಿ. ಸಿಗುತ್ತಾರೆ ಅಂದರೆ ಆಪರೇಷನ್ ಕಾಗದ ಹಿಡಿದು ಇಬ್ಬರೂ ಒಟ್ಟಿಗೆ ಹೋಗಲಿ.